ಮಿಡಿ ಉಪ್ಪಿನಕಾಯಿ ಮತ್ತು ಬಾಯಿಮಾತಿನ ಲೆಕ್ಕ: ನಿಮ್ಮ ಸುದ್ದಿ ಎಲ್ಲಿ ನಿಂತುಹೋಗುತ್ತಿದೆ ಅಂತ ಹುಡುಕುವುದು ಹೇಗೆ

ನಮ್ಮ ಅತ್ತಿಗೆ ಸಾಗರದ ಹತ್ತಿರದ ಹಳ್ಳಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಮೊದಲ ವರ್ಷ ಒಂದು ವಾಟ್ಸಾಪ್ ಪೋಸ್ಟರ್ ಮಾಡಿಸಿದ್ದರು. ಹಸಿರು ಬಣ್ಣ, ಮೂರು ಮಿಡಿಯ ಚಿತ್ರ, ಅದರ ಮೇಲೆ "ಶುದ್ಧ, ರುಚಿಕರ, ಮನೆಯಲ್ಲೇ ತಯಾರಿಸಿದ" ಅನ್ನುವ ಸಾಲು. ಕೆಳಗೆ "ದಯವಿಟ್ಟು ಎಲ್ಲಾ ಗ್ರೂಪ್‌ಗಳಿಗೂ ಶೇರ್ ಮಾಡಿ". ನಾವು ಮನೆಯವರೆಲ್ಲ ಸೇರಿ ಇಪ್ಪತ್ತು ಗ್ರೂಪ್‌ಗೆ ಹಾಕಿದೆವು. ಹೆಬ್ಬೆರಳು, ಕೈಮುಗಿದ ಗುರುತುಗಳು ಬೇಕಾದಷ್ಟು ಬಂದವು. ಆರ್ಡರ್ ಬಂದಿದ್ದು ಮೂರು.

ಅದೇ ವರ್ಷ ಹುಬ್ಬಳ್ಳಿಯ ಒಬ್ಬ ಗಿರಾಕಿಯ ಮನೆಯಿಂದಲೇ ಆರು ಹೊಸ ಆರ್ಡರ್ ಬಂದವು. ಆ ಅಮ್ಮನಿಗೆ ನಾವು ಶೇರ್ ಮಾಡಿ ಅಂತ ಹೇಳಿರಲೇ ಇಲ್ಲ. ಅವರ ಫೋನಿನಲ್ಲಿ ಆ ಪೋಸ್ಟರ್ ಕೂಡ ಇರಲಿಲ್ಲ. ಈ ವ್ಯತ್ಯಾಸ ಯಾಕೆ ಅಂತ ಹುಡುಕುತ್ತಾ ಹೋದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಹಪ್ಪಳ ಮಾರುತ್ತಿರಿ, ಸಂಗೀತ ಪಾಠ ಹೇಳುತ್ತಿರಿ, ಲೆಕ್ಕ ಒಂದೇ. ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಸೀಸನ್ ಸಾಕು.

ಮೊದಲು ಒಂದೇ ಒಂದು ಸಂಖ್ಯೆ ಹಿಡಿಯಿರಿ

ಎಷ್ಟು ಜನ ನೋಡಿದರು, ಎಷ್ಟು ಲೈಕ್ ಬಂತು ಅನ್ನುವುದನ್ನು ಬಿಟ್ಟುಬಿಡಿ. ಬೇಕಾದದ್ದು ಇಷ್ಟೇ: ನಿಮ್ಮ ಹತ್ತಿರ ತಗೊಂಡ ಒಬ್ಬರಿಂದ ಸರಾಸರಿ ಎಷ್ಟು ಹೊಸಬರು ಬಂದು ತಗೊಂಡರು? ಕೊರೊನಾ ಸಮಯದಲ್ಲಿ ಆರ್ ಸಂಖ್ಯೆ ಅಂತ ಕೇಳಿದ್ದೆವಲ್ವಾ, ಇದು ಅದೇ. ಒಂದಕ್ಕಿಂತ ಜಾಸ್ತಿ ಇದ್ದರೆ ಪ್ರತಿ ಸುತ್ತೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಒಂದಕ್ಕಿಂತ ಕಡಿಮೆ ಇದ್ದರೆ ಪ್ರತಿ ಸುತ್ತೂ ಸಣ್ಣದಾಗುತ್ತಾ ನಿಲ್ಲುತ್ತದೆ.

ಇದನ್ನು ಅಳೆಯುವುದು ಸುಲಭ. ಹೊಸ ಆರ್ಡರ್ ಬಂದಾಗಲೆಲ್ಲ "ನಿಮಗೆ ಯಾರು ಹೇಳಿದ್ರು?" ಅಂತ ಕೇಳಬೇಕು. ಉತ್ತರವನ್ನು ಹೆಸರಿನ ಪಕ್ಕ ಬರೆದುಕೊಳ್ಳಬೇಕು. ಅತ್ತಿಗೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ತಾರೀಕು, ಹೆಸರು, ಊರು, ಯಾರು ಹೇಳಿದ್ದು. ಮೊದಲ ವರ್ಷ ನಮ್ಮ ಪರಿಚಯದಿಂದ ನೇರವಾಗಿ ತಗೊಂಡವರು 40 ಜನ. ಅವರು ಹೇಳಿ ಬಂದವರು 14. ಆ 14 ಜನ ಹೇಳಿ ಬಂದವರು 5. ಆ ಐವರಿಂದ ಬಂದವರು 2. ಅಲ್ಲಿಗೆ ನಿಂತಿತು. ಒಟ್ಟು 61 ಡಬ್ಬಿ. 14ನ್ನು 40ರಿಂದ ಭಾಗಿಸಿದರೆ 0.35. ನಮ್ಮ ಸಂಖ್ಯೆ ಅದು.

ಅತ್ತಿಗೆಗೆ ಬೇಜಾರಾಯಿತು. "ಒಂದಕ್ಕಿಂತ ಕಡಿಮೆ ಅಂದ್ರೆ ಫೇಲ್ ಅಲ್ವಾ?" ಅಂದರು. ಅಲ್ಲ. ಇಲ್ಲೇ ಬಹಳ ಜನ ಎಡವುವುದು. ಆರ್ ಒಂದಕ್ಕಿಂತ ಕಡಿಮೆ ಇರುವ ಸುದ್ದಿ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಒಂದು ಸೂತ್ರ ಇದೆ:

```
ಒಟ್ಟು = ಮೊದಲಿನವರು ÷ (1 − R)
```

ನಮ್ಮ ಲೆಕ್ಕ ಹಾಕಿ ನೋಡಿ. 40 ಭಾಗಿಸು 0.65 ಅಂದರೆ 61 ಚಿಲ್ಲರೆ. ನೋಟ್‌ಬುಕ್ ಹೇಳಿದ್ದೂ ಅದನ್ನೇ. ಬಾಯಿಮಾತಿನಿಂದ ನಮಗೆ ಒಂದೂವರೆ ಪಟ್ಟು ಸಿಕ್ಕಿತ್ತು, ಅದೂ ಒಂದು ರೂಪಾಯಿ ಖರ್ಚಿಲ್ಲದೆ. ಆರ್ 0.35ರಿಂದ 0.5ಕ್ಕೆ ಏರಿದರೆ ಎರಡು ಪಟ್ಟು. 0.75ಕ್ಕೆ ಏರಿದರೆ ನಾಲ್ಕು ಪಟ್ಟು. ಒಂದನ್ನು ದಾಟಲೇಬೇಕು ಅಂತೇನಿಲ್ಲ.

ಈ ಮಾತನ್ನು 2007ರಲ್ಲಿ ಸಮಾಜಶಾಸ್ತ್ರಜ್ಞ ಡಂಕನ್ ವಾಟ್ಸ್ ಮತ್ತು ಬಜ್‌ಫೀಡ್ ಜಾಲತಾಣದ ಜೋನಾ ಪೆರೆಟ್ಟಿ ಸೇರಿ ಬರೆದರು. ಅವರು ಕೊಟ್ಟ ಒಂದು ಉದಾಹರಣೆ ಅಮೆರಿಕದ ಕತ್ರಿನಾ ಚಂಡಮಾರುತದ ಪರಿಹಾರ ನಿಧಿಯದ್ದು. ಅಲ್ಲಿ ಆರ್ ಇದ್ದದ್ದು 0.77ರ ಹತ್ತಿರ. ಅಂದರೆ ಸುದ್ದಿ ಪ್ರತಿ ಸುತ್ತಿಗೂ ಸೊರಗುತ್ತಲೇ ಇತ್ತು. ಆದರೂ ಸುಮಾರು 7 ಸಾವಿರ ಜನರಿಂದ ಶುರುವಾಗಿ 30 ಸಾವಿರ ದಾಟಿತು. ಅವರ ಸಲಹೆ ಸರಳ. ಕಾಡ್ಗಿಚ್ಚಿನ ಹಾಗೆ ಹಬ್ಬಲಿ ಅಂತ ಒಂದು ಕಿಡಿ ಹಾಕಿ ಕಾಯಬೇಡಿ. ಮೊದಲ ಗುಂಪನ್ನು ಆದಷ್ಟು ದೊಡ್ಡದು ಮಾಡಿಕೊಳ್ಳಿ, ಅದರ ಮೇಲೆ ಬಾಯಿಮಾತು ಕೆಲಸ ಮಾಡಲಿ. ಅದಕ್ಕೇ ಎರಡನೇ ವರ್ಷ ನಾವು ಮೊದಲ ಸುತ್ತನ್ನು 40ರಿಂದ 70ಕ್ಕೆ ಏರಿಸಿದೆವು. ಹಳೆಯ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದ್ದು ಬಿಟ್ಟರೆ ಅದಕ್ಕೆ ಬೇರೆ ಉಪಾಯ ಇರಲಿಲ್ಲ.

ಆರ್ ಸಂಖ್ಯೆಯನ್ನು ಮೂರು ತುಂಡು ಮಾಡಿ

0.35 ಅಂತ ಗೊತ್ತಾದರೆ ಸಾಲದು. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗಬೇಕು. ಮೂರು ಪ್ರಶ್ನೆ ಕೇಳಿ. ತಗೊಂಡವರಲ್ಲಿ ಎಷ್ಟು ಜನ ಬೇರೆಯವರ ಹತ್ತಿರ ಅದರ ಮಾತೆತ್ತಿದರು? ಮಾತೆತ್ತಿದವರು ಎಷ್ಟು ಜನಕ್ಕೆ ಹೇಳಿದರು? ಕೇಳಿಸಿಕೊಂಡವರಲ್ಲಿ ಎಷ್ಟು ಜನ ತಗೊಂಡರು? ಮೂರನ್ನೂ ಗುಣಿಸಿದರೆ ಆರ್ ಬರುತ್ತದೆ.

ನಾನು ಹತ್ತು ಗಿರಾಕಿಗಳಿಗೆ ಫೋನ್ ಮಾಡಿದೆ. "ಚೆನ್ನಾಗಿತ್ತಾ?" ಅಂತ ಕೇಳಲಿಲ್ಲ, ಅದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. "ಮನೆಯ ಹೊರಗಿನವರ ಹತ್ತಿರ ಇದರ ಬಗ್ಗೆ ಕೊನೇ ಸಲ ಯಾವಾಗ ಮಾತಾಡಿದ್ರಿ, ಎಲ್ಲಿದ್ರಿ ಆಗ?" ಅಂತ ಕೇಳಿದೆ. ಹತ್ತರಲ್ಲಿ ಐವರು ಯಾರ ಹತ್ತಿರವೂ ಮಾತೆತ್ತಿರಲಿಲ್ಲ. ಉಳಿದ ಐವರು ತಲಾ ಮೂವರಿಗೆ ಹೇಳಿದ್ದರು. ಅಂದರೆ ಹತ್ತು ಜನರಿಂದ 15 ಜನಕ್ಕೆ ಸುದ್ದಿ ಮುಟ್ಟಿತ್ತು. ಆ ಲೆಕ್ಕದಲ್ಲಿ 40 ಜನರಿಂದ 60 ಜನಕ್ಕೆ ಮುಟ್ಟಿರಬೇಕು, ಅವರಲ್ಲಿ 14 ಜನ ತಗೊಂಡಿದ್ದರು. ಕೇಳಿದ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರು ಕೊಂಡಿದ್ದಾರೆ ಅಂದರೆ ಅದು ಬಹಳ ಒಳ್ಳೆಯ ಫಲ. ಕೊನೆಯ ತುಂಡಿನಲ್ಲಿ ತೊಂದರೆ ಇರಲಿಲ್ಲ. ತೊಂದರೆ ಮೊದಲನೇ ತುಂಡಿನಲ್ಲಿತ್ತು. ಅರ್ಧ ಜನ ಬಾಯಿಯನ್ನೇ ಬಿಟ್ಟಿರಲಿಲ್ಲ.

ಇದನ್ನು ನೋಡದೆ ನಾವು ಬೆಲೆ ಇಳಿಸಿದ್ದರೆ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಿದ್ದೆವು. ಬೆಲೆ ಇಳಿಸಿದರೆ ಸರಿಯಾಗುವುದು ಮೂರನೇ ತುಂಡು.

ಮಾತು ಹುಟ್ಟುವ ಜಾಗ ಹುಡುಕಿ

"ಎಲ್ಲಿದ್ರಿ ಆಗ?" ಅನ್ನುವ ಪ್ರಶ್ನೆಗೆ ಐವರಲ್ಲಿ ನಾಲ್ವರು ಕೊಟ್ಟ ಉತ್ತರ ಒಂದೇ: ಊಟಕ್ಕೆ ಕೂತಿದ್ದಾಗ. ನೆಂಟರು ಬಂದಿದ್ದರು, ಅಥವಾ ಆಫೀಸಿನಲ್ಲಿ ಬುತ್ತಿ ಬಿಚ್ಚಿದ್ದರು. ಮೊಸರನ್ನದ ಪಕ್ಕ ಮಿಡಿ ಬಿತ್ತು, ಯಾರೋ ಕಚ್ಚಿದರು, "ಎಲ್ಲಿಂದ ತರಿಸಿದ್ದು?" ಅಂದರು. ಉಪ್ಪಿನಕಾಯಿಯ ಬಗ್ಗೆ ಮಾತು ಹುಟ್ಟುವುದು ಫೋನಿನಲ್ಲಿ ಅಲ್ಲ, ತಟ್ಟೆಯಲ್ಲಿ.

ಆಮೇಲೆ ನಾನು ಶಿವಮೊಗ್ಗದ ಒಬ್ಬ ಗಿರಾಕಿಯ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ನಮ್ಮ ಮಿಡಿಯೇ ಬಂತು. ಆದರೆ ಬಂದಿದ್ದು ಅವರದೇ ಚಿಕ್ಕ ಪಿಂಗಾಣಿ ಭರಣಿಯಲ್ಲಿ. ನಮ್ಮ ಪ್ಲಾಸ್ಟಿಕ್ ಡಬ್ಬಿ ಎಲ್ಲಿ ಅಂತ ಕೇಳಿದೆ. "ಅದಾ, ತೊಳೆದು ಹುಣಸೆಹಣ್ಣು ಹಾಕಿಟ್ಟಿದ್ದೀನಿ" ಅಂದರು. ಲೇಬಲ್ಲು ತೊಳೆದಾಗಲೇ ಹೋಗಿತ್ತು. ನಮ್ಮ ಹೆಸರು, ಫೋನ್ ನಂಬರು ಎಲ್ಲ ಆ ಲೇಬಲ್ಲಿನ ಮೇಲಿತ್ತು. ಪಕ್ಕದಲ್ಲಿ ಕೂತ ಅವರ ತಂಗಿ "ಎಲ್ಲಿಯದು ಅಕ್ಕಾ?" ಅಂದಾಗ ಇವರು ಹೇಳಿದ್ದು "ಸಾಗರದ ಕಡೆಯವರದ್ದು, ನಂಬರು ಆಮೇಲೆ ಹುಡುಕಿ ಕಳಿಸ್ತೀನಿ". ಆ ಆಮೇಲೆ ಯಾವತ್ತೂ ಬರುವುದಿಲ್ಲ. ಮಾತು ಹುಟ್ಟಿತ್ತು, ಕೇಳಿದವರಿಗೆ ಆಸೆಯೂ ಆಗಿತ್ತು. ಹೋಗಬೇಕಾದ ದಾರಿ ಮಾತ್ರ ಇರಲಿಲ್ಲ.

ಇದಕ್ಕೆ ಪರಿಹಾರವನ್ನು ಹಾಟ್‌ಮೇಲ್ ಕಥೆಯಿಂದ ತಗೊಂಡೆ. ಸಬೀರ್ ಭಾಟಿಯಾ ಬೆಳೆದದ್ದು ಬೆಂಗಳೂರಿನಲ್ಲಿ. ಅವರು ಜಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಶುರು ಮಾಡಿದರು. ಅದಕ್ಕೆ ಹಣ ಹಾಕಿದ್ದ ಟಿಮ್ ಡ್ರೇಪರ್ ಒಂದು ಸಲಹೆ ಕೊಟ್ಟರು. ಬಳಸುವವರು ಕಳಿಸುವ ಪ್ರತಿ ಮೇಲ್‌ನ ಕೊನೆಗೂ ಒಂದು ಸಾಲು ತಾನಾಗಿ ಸೇರಿಕೊಳ್ಳಲಿ, ಹಾಟ್‌ಮೇಲ್‌ನಲ್ಲಿ ನಿಮಗೂ ಉಚಿತವಾಗಿ ಮೇಲ್ ಸಿಗುತ್ತದೆ ಅಂತ. ಒಂದೂವರೆ ವರ್ಷದೊಳಗೆ ಬಳಕೆದಾರರು ಒಂದು ಕೋಟಿ ದಾಟಿದರು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು.

ಇದನ್ನು ಹೇಳುವವರು ಸಾಮಾನ್ಯವಾಗಿ ಆ ಸಾಲಿನ ಜಾಣತನವನ್ನು ಹೊಗಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದು ಕೂತ ಜಾಗ. ಬಳಸುವವರು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಅವರು ತಮ್ಮ ಕೆಲಸಕ್ಕೆ ಮೇಲ್ ಕಳಿಸಿದರೆ ಸುದ್ದಿ ಜೊತೆಗೇ ಹೋಗುತ್ತಿತ್ತು. ಮುಟ್ಟುತ್ತಿದ್ದದ್ದು ಮೇಲ್ ಬಳಸುವವರಿಗೇ. ಓದಿದವರು ಅಲ್ಲೇ ಒತ್ತಿದರೆ ಸಾಕಿತ್ತು, ನಂಬರ್ ಆಮೇಲೆ ಹುಡುಕುವ ಮಾತೇ ಇರಲಿಲ್ಲ.

ನಮ್ಮಲ್ಲಿ ಬಳಕೆ ನಡೆಯುವುದು ಭರಣಿಯಲ್ಲಿ. ಹಾಗಾಗಿ ನಂಬರು ಭರಣಿಯ ಮೇಲೆ ಇರಬೇಕು. ಎರಡನೇ ವರ್ಷ ಪ್ರತಿ ಡಬ್ಬಿಯ ಜೊತೆ ಬೆರಳಗಲದ ಒಂದು ದಪ್ಪ ಕಾಗದದ ಚೀಟಿ ಇಟ್ಟೆವು. ಒಂದು ತುದಿಯಲ್ಲಿ ತೂತು, ಅದಕ್ಕೆ ಹತ್ತಿಯ ದಾರ. ಒಂದು ಬದಿಯಲ್ಲಿ "ಅಪ್ಪೆಮಿಡಿ, ಹಾಕಿದ್ದು ಏಪ್ರಿಲ್" ಅಂತ ಬರಹ. ಇನ್ನೊಂದು ಬದಿಯಲ್ಲಿ ಊರು ಮತ್ತು ನಂಬರು. ಭರಣಿಯ ಕತ್ತಿಗೆ ಕಟ್ಟಿಕೊಳ್ಳಿ, ಯಾವ ತಿಂಗಳಿನದು ಅಂತ ನೆನಪಿರುತ್ತದೆ ಅಂತ ಹೇಳಿದೆವು. ಅದು ನಿಜಕ್ಕೂ ಉಪಯೋಗದ ಮಾತು. ಮನೆಯಲ್ಲಿ ಎರಡು ಮೂರು ವರ್ಷದ ಉಪ್ಪಿನಕಾಯಿ ಇಡುವವರಿಗೆ ತಿಂಗಳು ಬೇಕೇ ಬೇಕು. ಬರೀ ಜಾಹೀರಾತಾಗಿದ್ದರೆ ಯಾರೂ ತಮ್ಮ ಮನೆಯ ಭರಣಿಗೆ ಕಟ್ಟುತ್ತಿರಲಿಲ್ಲ.

ನಿಮ್ಮ ವಸ್ತುವಿಗೂ ಇದೇ ಕೆಲಸ ಮಾಡಿ. ಐದು ಜನ ಗಿರಾಕಿಗಳನ್ನು ಕೇಳಿ, ಮಾತು ಹುಟ್ಟಿದ ಜಾಗ ಯಾವುದು ಅಂತ. ಆ ಜಾಗದಲ್ಲಿ ನಿಮ್ಮ ಹೆಸರು ಕಣ್ಣಿಗೆ ಬೀಳುತ್ತದಾ ನೋಡಿ. ಟೈಲರ್ ಆದರೆ ರವಿಕೆಯ ಒಳಗಿನ ಪಟ್ಟಿಗಿಂತ ಕೊಡುವ ಬಟ್ಟೆಯ ಚೀಲ ಹೆಚ್ಚು ಜನರ ಕಣ್ಣಿಗೆ ಬೀಳಬಹುದು.

ಇನ್ನೊಬ್ಬರ ಬಾಯಲ್ಲಿ ಉಳಿಯುವ ಮಾತು

ಪೋಸ್ಟರಿನಲ್ಲಿದ್ದ "ಶುದ್ಧ, ರುಚಿಕರ" ಯಾಕೆ ಸತ್ತಿತು? ಅದು ಸುಳ್ಳಾಗಿರಲಿಲ್ಲ. ಆದರೆ ಎಲ್ಲ ಉಪ್ಪಿನಕಾಯಿಯ ಮೇಲೂ ಅದೇ ಬರೆದಿರುತ್ತದೆ. ಅದನ್ನು ಹೇಳಿದರೆ ಕೇಳಿದವರಿಗೆ ಹೊಸದೇನೂ ಸಿಗುವುದಿಲ್ಲ, ಹೇಳಿದವರಿಗೂ ಏನೂ ಸಿಗುವುದಿಲ್ಲ. ಜನ ಒಂದು ಮಾತನ್ನು ದಾಟಿಸುವುದು ಅದರಿಂದ ತಾವು ತಿಳಿದವರು ಅಂತ ಕಾಣಿಸಿದಾಗ, ಅಥವಾ ಎದುರಿನವರಿಗೆ ಉಪಕಾರವಾದಾಗ. ಮಾರುವವರಿಗೆ ಒಳ್ಳೆಯದಾಗಲಿ ಅಂತ ದಾಟಿಸುವವರು ಮನೆಯವರು ಮಾತ್ರ.

ಪರೀಕ್ಷೆ ಮಾಡುವುದು ಹೀಗೆ. ನಿಮ್ಮ ವಸ್ತುವಿನ ಬಗ್ಗೆ ಒಬ್ಬರಿಗೆ ಎರಡು ನಿಮಿಷ ಹೇಳಿ, ಏನನ್ನೂ ಬಿಡದೆ. ಮಾರನೇ ದಿನ ಅವರು ಅದನ್ನು ಇನ್ನೊಬ್ಬರಿಗೆ ಹೇಳಲಿ. ಮೂರನೇ ದಿನ ಆ ಇನ್ನೊಬ್ಬರನ್ನು ಕೇಳಿ, ಏನು ನೆನಪಿದೆ ಅಂತ. ಎರಡು ಬಾಯಿ ದಾಟಿ ಉಳಿದದ್ದೇ ನಿಮ್ಮ ನಿಜವಾದ ಸುದ್ದಿ.

ನಾವು ನಾಲ್ಕು ಸರಪಳಿ ಮಾಡಿ ನೋಡಿದೆವು. ಅತ್ತಿಗೆ ಹೇಳಿದ್ದರಲ್ಲಿ ಮಿಡಿಯ ಜಾತಿ, ಹರಳುಪ್ಪು, ಅರೆಯುವ ಸಾಸಿವೆ ಎಲ್ಲ ಇತ್ತು. ಬಹಳಷ್ಟು ದಾರಿಯಲ್ಲೇ ಉದುರಿಹೋಯಿತು. ನಾಲ್ಕರಲ್ಲಿ ಮೂರು ಕಡೆ ಉಳಿದದ್ದು ಒಂದೇ ಮಾತು: "ತೊಟ್ಟು ಇರುವ ಮಿಡಿ ತಗೋಬೇಕಂತೆ, ನೆಲಕ್ಕೆ ಬಿದ್ದದ್ದು ಕೆಡುತ್ತಂತೆ." ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದರೆ ಭರಣಿಯಲ್ಲಿ ಅದೇ ಮೊದಲು ಮೆತ್ತಗಾಗುವುದು. ತೊಟ್ಟು ಹೋದರೆ ಸೊನೆಯೂ ಸೋರಿಹೋಗುತ್ತದೆ, ಅಪ್ಪೆಯ ಪರಿಮಳ ಇರುವುದೇ ಆ ಸೊನೆಯಲ್ಲಿ. ಅತ್ತಿಗೆಗೆ ಇದು ದಿನನಿತ್ಯದ ವಿಷಯ, ಹೇಳುವಂಥದ್ದು ಅಂತಲೇ ಅನ್ನಿಸಿರಲಿಲ್ಲ. ಬೆಂಗಳೂರಿನ ಗಿರಾಕಿಗೆ ಮಾತ್ರ ಅದು ಊಟದ ಮನೆಯಲ್ಲಿ ಹೇಳಿ ತೋರಿಸಬಹುದಾದ ಮಾತು. ಒಂದು ಮಿಡಿ ಎತ್ತಿ "ನೋಡಿ, ತೊಟ್ಟು ಇದೆಯಲ್ಲ" ಅನ್ನಬಹುದು.

ಹಾಗಾಗಿ ಚೀಟಿಯ ಮೇಲೆ "ತೊಟ್ಟು ನೋಡಿ" ಅನ್ನುವ ಎರಡು ಪದ ಸೇರಿಸಿದೆವು. ಆ ವರ್ಷ ಹೊಸಬರು ಫೋನ್ ಮಾಡಿದಾಗ ಅನೇಕರು "ತೊಟ್ಟಿನ ಮಿಡಿ ಮಾರೋದು ನೀವೇನಾ?" ಅಂತಲೇ ಶುರು ಮಾಡಿದರು. ನಿಮ್ಮ ಸುದ್ದಿ ಬದುಕಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. ಗೊತ್ತಿಲ್ಲದವರ ಬಾಯಿಂದ ನಿಮ್ಮದೇ ಪದ ವಾಪಸ್ ಬರಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಲೇಬೇಕು. ಭಯ ಮತ್ತು ಸಿಟ್ಟಿನ ಸುದ್ದಿ ಬೇಗ ಹಬ್ಬುತ್ತದೆ, ಇದು ನಿಜ. ನ್ಯೂಯಾರ್ಕ್ ಟೈಮ್ಸ್‌ನ ಸುಮಾರು 7 ಸಾವಿರ ಲೇಖನಗಳನ್ನು ನೋಡಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಓದಿದವರಿಗೆ ಬೆರಗು, ಸಿಟ್ಟು, ಆತಂಕ ಹುಟ್ಟಿಸಿದ ಲೇಖನಗಳನ್ನು ಜನ ಹೆಚ್ಚು ಮೇಲ್ ಮಾಡಿದ್ದರು. ದುಃಖ ತರಿಸಿದ್ದನ್ನು ಕಡಿಮೆ. ಸಿಟ್ಟು, ಆತಂಕ ಬಂದಾಗ ಸುಮ್ಮನೆ ಕೂರಲು ಆಗುವುದಿಲ್ಲ. ದುಃಖದಲ್ಲಿ ಕೈಕಾಲೇ ಆಡುವುದಿಲ್ಲ. ಇದನ್ನು ಓದಿದ ಒಬ್ಬ ಪರಿಚಯದವರು "ಅಂಗಡಿ ಉಪ್ಪಿನಕಾಯಿಯಲ್ಲಿ ಏನೇನು ಹಾಕ್ತಾರೆ ಗೊತ್ತಾ ಅಂತ ಬರೆಯಿರಿ, ಒಂದೇ ದಿನದಲ್ಲಿ ಹಬ್ಬುತ್ತೆ" ಅಂದರು. ಹಬ್ಬುತ್ತಿತ್ತೇನೋ. ಆದರೆ ಅಂಥ ಸುದ್ದಿಯಲ್ಲಿ ಭಯ ಮಾತ್ರ ಮುಂದೆ ಹೋಗುತ್ತದೆ, ನಿಮ್ಮ ಹೆಸರು ಹೋಗುವುದಿಲ್ಲ. ಅದೂ ಅಲ್ಲದೆ 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಫಾರ್ವರ್ಡ್ ನಮ್ಮ ರಾಜ್ಯದಲ್ಲೇ ಜೀವ ತೆಗೆದಿದೆ, ಬೀದರ್ ಜಿಲ್ಲೆಯಲ್ಲಿ, ಬೆಂಗಳೂರಿನಲ್ಲಿ. ಕಳಿಸಲು ಖರ್ಚಿಲ್ಲ, ಕಳಿಸದಿದ್ದರೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಆ ಸುದ್ದಿಗಳಿಗೆ ಕಾಲು ಬಂದದ್ದು ಹಾಗೆ. ಆ ಯಂತ್ರವನ್ನು ಉಪ್ಪಿನಕಾಯಿಗೆ ಹೂಡಬಾರದು.

ವಾಟ್ಸಾಪ್ ಅನ್ನು ಯಾವುದಕ್ಕೆ ಬಳಸಬೇಕು

ಆ ಸಾವುಗಳ ನಂತರವೇ, 2018ರ ಜುಲೈನಲ್ಲಿ, ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸುವ ಹಾಗೆ ಮಾಡಿತು. ಅಂಥ ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತು ಕಾಣುತ್ತದೆ. ಆ ಗುರುತು ನೋಡಿದ ಕೂಡಲೇ ಎಷ್ಟೋ ಜನ ಓದುವುದನ್ನೇ ಬಿಡುತ್ತಾರೆ. "ಎಲ್ಲರಿಗೂ ಶೇರ್ ಮಾಡಿ" ಅನ್ನುವ ತಂತ್ರ ಈಗ ಈ ಗೋಡೆಗೆ ಹಾಯುತ್ತದೆ.

ಹಾಗಾಗಿ ಹಬ್ಬಿಸುವ ಕೆಲಸವನ್ನು ಬಾಯಿಗೆ ಬಿಡಿ. ವಾಟ್ಸಾಪ್‌ಗೆ ಒಂದೇ ಕೆಲಸ ಕೊಡಿ: ಊಟದ ಮನೆಯಲ್ಲಿ "ನಂಬರ್ ಕಳ್ಸು" ಅಂದಾಗ ಕಳಿಸಲು ಏನಾದರೂ ಕೈಗೆ ಸಿಗಬೇಕು. ನಾವು ಪೋಸ್ಟರ್ ಬಿಟ್ಟು ನಾಲ್ಕು ಸಾಲಿನ ಸಂದೇಶ ಮಾಡಿದೆವು. ಏನು, ಎಷ್ಟು ರೂಪಾಯಿ, ಯಾವಾಗಿನವರೆಗೆ, ಎಲ್ಲಿ ಒತ್ತಬೇಕು, ಇಷ್ಟೇ. ನಂಬರು ಚಿತ್ರದ ಒಳಗೆ ಇದ್ದರೆ ಅದನ್ನು ಒತ್ತಿ ಕರೆ ಮಾಡಲು ಆಗುವುದಿಲ್ಲ, ಪೆನ್ನು ಹುಡುಕಿ ಬರೆದುಕೊಳ್ಳಬೇಕು. ಅದಕ್ಕೆ ಬರಹದಲ್ಲೇ ಇರಬೇಕು. ತಾರೀಕು ಹಾಕುವುದನ್ನು ಮರೆಯಬೇಡಿ. "ಈ ವರ್ಷದ ಡಬ್ಬಿ, ಆಗಸ್ಟ್ ಕೊನೆಯವರೆಗೆ" ಅಂತ ಇರಲಿ. ಇಲ್ಲದಿದ್ದರೆ ಹಳೆಯ ಬೆಲೆಯ ಸಂದೇಶ ಎರಡು ವರ್ಷ ಆದಮೇಲೂ ತಿರುಗುತ್ತಾ ಬಂದು ನಿಮ್ಮ ಹತ್ತಿರ ಜಗಳ ತರುತ್ತದೆ.

ಒತ್ತುವ ಲಿಂಕಿಗೆ ವಾಟ್ಸಾಪ್‌ನದೇ ಸೌಲಭ್ಯ ಇದೆ. ನಂಬರಿನ ಮುಂದೆ 91 ಇರಲಿ, ಕೂಡಿಸುವ ಚಿಹ್ನೆ ಅಥವಾ ಸೊನ್ನೆ ಬೇಡ:

```
https://wa.me/91XXXXXXXXXX?text=Midi-A
```

ಇದನ್ನು ಒತ್ತಿದರೆ ನಿಮ್ಮ ಚಾಟ್ ತೆರೆಯುತ್ತದೆ, `Midi-A` ಅನ್ನುವುದು ಮೊದಲೇ ಬರೆದಿರುತ್ತದೆ. ಅವರು ಕಳಿಸು ಒತ್ತಿದರೆ ಮುಗಿಯಿತು. ಚೀಟಿಯ ಕ್ಯೂಆರ್ ಕೋಡ್‌ಗೆ `Midi-B`, ಹಳೆಯ ಗಿರಾಕಿಗಳಿಗೆ ಕಳಿಸಿದ ಸಂದೇಶಕ್ಕೆ `Midi-A` ಅಂತ ಇಟ್ಟರೆ ಯಾವ ದಾರಿಯಿಂದ ಬಂದರು ಅಂತ ಕೇಳದೆಯೇ ಗೊತ್ತಾಗುತ್ತದೆ. ಕೆಲವರು ಆ ಅಕ್ಷರ ಅಳಿಸಿ "ನಮಸ್ಕಾರ" ಅಂತ ಬರೆಯುತ್ತಾರೆ. ಆದ್ದರಿಂದ ನೋಟ್‌ಬುಕ್ಕಿನ ಪ್ರಶ್ನೆ ನಿಲ್ಲಿಸಬೇಡಿ.

ಯಾರಾದರೂ ದೊಡ್ಡ ಗ್ರೂಪಿಗೆ ಹಾಕಿದಾಗ ನೋಟ್‌ಬುಕ್ಕಿನಲ್ಲಿ ಅದು ಬೇರೆಯಾಗಿಯೇ ಕಾಣುತ್ತದೆ. ಒಂದೇ ರಾತ್ರಿ ಹತ್ತು ಆರ್ಡರ್ ಬರುತ್ತವೆ, ಎಲ್ಲರೂ ಒಂದೇ ಗ್ರೂಪಿನ ಹೆಸರು ಹೇಳುತ್ತಾರೆ, ಮೂರನೇ ದಿನಕ್ಕೆ ನಿಲ್ಲುತ್ತದೆ. ಅದು ಡಂಗುರ. ಬಾಯಿಮಾತು ಅನ್ನಿಸಿಕೊಳ್ಳುವುದು ಬೇರೆ ಬೇರೆ ದಿನ, ಬೇರೆ ಬೇರೆ ಊರಿನಿಂದ, ನಿಮಗೆ ಗೊತ್ತಿಲ್ಲದವರ ಹೆಸರು ಹೇಳಿಕೊಂಡು ಬಂದಾಗ. ಡಂಗುರದಿಂದ ಬಂದವರನ್ನು ಮೊದಲ ಸುತ್ತಿನ ಲೆಕ್ಕಕ್ಕೆ ಸೇರಿಸಿ. ಇಲ್ಲದಿದ್ದರೆ ಆರ್ ಸುಳ್ಳಾಗಿ ಉಬ್ಬುತ್ತದೆ.

ಎರಡನೇ ವರ್ಷದ ಲೆಕ್ಕ ಹೀಗೆ ಬಂತು. ಮೊದಲ ಸುತ್ತು 70, ಎರಡನೆಯದು 39, ಮೂರನೆಯದು 20. ಆರ್ 0.55ರ ಆಸುಪಾಸು. ನಾಲ್ಕನೇ ಸುತ್ತಿಗೆ ಡಬ್ಬಿಯೇ ಉಳಿಯಲಿಲ್ಲ.

ಹೇಳಿದವರಿಗೆ ಏನಾದರೂ ಕೊಡಬೇಕಾ?

ಇದಕ್ಕೆ ಎಲ್ಲರೂ ತೋರಿಸುವುದು ಇಂಟರ್ನೆಟ್‌ನಲ್ಲಿ ಫೈಲ್ ಇಟ್ಟುಕೊಳ್ಳಲು ಜಾಗ ಕೊಡುವ ಡ್ರಾಪ್‌ಬಾಕ್ಸ್ ಕಂಪನಿಯನ್ನು. ಸ್ನೇಹಿತರನ್ನು ಕರೆತಂದರೆ ಕರೆದವರಿಗೂ ಬಂದವರಿಗೂ ಇಬ್ಬರಿಗೂ ಹೆಚ್ಚುವರಿ ಜಾಗ ಕೊಡುತ್ತಿದ್ದರು. 2008ರ ಸೆಪ್ಟೆಂಬರಿನಲ್ಲಿ ಒಂದು ಲಕ್ಷ ಇದ್ದ ಬಳಕೆದಾರರು 2010ರ ಜನವರಿಗೆ 40 ಲಕ್ಷ ಆದರು. ದಿನಾ ಸೇರುವವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಈ ದಾರಿಯಲ್ಲೇ ಬರುತ್ತಿದ್ದರು. ಗಮನಿಸಿ, ಕೊಟ್ಟದ್ದು ದುಡ್ಡಲ್ಲ, ಅವರದೇ ಸರಕು. ಇಬ್ಬರಿಗೂ ಕೊಟ್ಟಿದ್ದರಿಂದ ಹೇಳುವವರಿಗೆ ಮುಜುಗರವೂ ಇರಲಿಲ್ಲ.

ನಾವು ಮೊದಲು ಮಾಡಿದ ತಪ್ಪು ಇಲ್ಲೇ. ಒಬ್ಬರನ್ನು ಕಳಿಸಿದರೆ 50 ರೂಪಾಯಿ ಕಡಿಮೆ ಅಂತ ಹೇಳಿದೆವು. ಹುಬ್ಬಳ್ಳಿಯ ಆ ಅಮ್ಮನೇ ಫೋನ್ ಮಾಡಿ "ಬೇಡ ಕಣಪ್ಪಾ, ನಾನು ಕಮಿಷನ್‌ಗೆ ಹೇಳಿದ ಹಾಗೆ ಆಗುತ್ತೆ" ಅಂದರು. ಪ್ರೀತಿಯಿಂದ ಹೇಳುವವರಿಗೆ ಬೆಲೆ ಕಟ್ಟಿದರೆ ಅವರು ಹೇಳುವುದನ್ನೇ ನಿಲ್ಲಿಸಬಹುದು.

ಮೂರನೇ ವರ್ಷ ಬೇರೆ ರೀತಿ ಮಾಡಿದೆವು. ಮೊದಲ 60 ಗಿರಾಕಿಗಳಲ್ಲಿ 30 ಜನಕ್ಕೆ 100 ಗ್ರಾಮಿನ ಒಂದು ಸಣ್ಣ ಬಾಟಲಿ ಜೊತೆಗೆ ಕಳಿಸಿದೆವು, "ಬೇಕಾದವರಿಗೆ ಕೊಡಿ" ಅಂತ ಚೀಟಿ ಹಾಕಿ. ಉಳಿದ 30 ಜನಕ್ಕೆ ಬರೀ ಡಬ್ಬಿ. ಯಾರಿಗೆ ಅಂತ ಆರಿಸಲು ಪಟ್ಟಿಯಲ್ಲಿ ಒಂದು ಬಿಟ್ಟು ಒಂದು ಹೆಸರು ಹಿಡಿದೆವು. ಒಳ್ಳೆಯ ಗಿರಾಕಿಗಳಿಗೆ ಮಾತ್ರ ಕೊಟ್ಟರೆ ಲೆಕ್ಕ ಕೆಡುತ್ತದೆ. ಬಾಟಲಿ ಹೋದ ಮನೆಗಳಿಂದ 24 ಹೊಸಬರು ಬಂದರು, ಹೋಗದ ಮನೆಗಳಿಂದ 16.

ಲಾಭವಾಯಿತಾ ನೋಡೋಣ. ಒಂದು ಬಾಟಲಿಗೆ 40 ರೂಪಾಯಿ, ಒಟ್ಟು 1,200. ಅದರಿಂದ ಹೆಚ್ಚಾಗಿ ಬಂದವರು 8. ತಲೆಗೆ 150 ರೂಪಾಯಿ ಬಿತ್ತು. ಅರ್ಧ ಕೆಜಿ ಡಬ್ಬಿಯಲ್ಲಿ ಅತ್ತಿಗೆಗೆ ಉಳಿಯುವುದು 110. ಮೇಲ್ನೋಟಕ್ಕೆ ನಷ್ಟ. ಆದರೆ ಬಂದ ಒಬ್ಬರು ತಮ್ಮ ಹಿಂದೆ ಇನ್ನಷ್ಟು ಜನರನ್ನು ತರುತ್ತಾರೆ. ಆರ್ 0.55 ಇದ್ದರೆ ಒಬ್ಬರು ಬಂದದ್ದು ಕೊನೆಗೆ 2.2 ಡಬ್ಬಿಗೆ ಸಮ. 110ನ್ನು 2.2ರಿಂದ ಗುಣಿಸಿದರೆ 242. ಈಗ 150 ಖರ್ಚು ಮಾಡಬಹುದು ಅಂತಾಯಿತು. ಆರ್ ಗೊತ್ತಿಲ್ಲದೆ ಇದ್ದಿದ್ದರೆ ನಾವು ಅದನ್ನು ನಷ್ಟ ಅಂತ ನಿಲ್ಲಿಸುತ್ತಿದ್ದೆವು. 24 ಮತ್ತು 16ರ ವ್ಯತ್ಯಾಸ ಬರೀ ಅದೃಷ್ಟವೂ ಇರಬಹುದು, 30 ಮನೆ ಬಹಳ ಸಣ್ಣ ಲೆಕ್ಕ. ಅದಕ್ಕೆ ಇನ್ನೊಂದು ವರ್ಷ ಇದೇ ರೀತಿ ಮಾಡಿ ನೋಡುತ್ತೇವೆ.

ಇನಾಮು ಕೊಡುವುದಾದರೆ ಒಂದು ಹಂತಕ್ಕೆ ನಿಲ್ಲಿಸಿ. ನೀವು ತಂದವರು ಇನ್ನೊಬ್ಬರನ್ನು ತಂದರೂ ನಿಮಗೆ ದುಡ್ಡು ಅಂತ ಸರಪಳಿ ಕಟ್ಟುವ ಯೋಜನೆಗಳು ಕಾನೂನಿನ ಕೈಗೆ ಸಿಗುತ್ತವೆ. ದುಡ್ಡಿನ ಸರಪಳಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ನಮ್ಮಲ್ಲಿ 1978ರಿಂದ ಇದೆ.

ಮುಗಿದಾಗ ಮುಗಿದಿದೆ ಅನ್ನಿ

ಉಪ್ಪಿನಕಾಯಿಯ ಒಂದು ಸುತ್ತಿಗೆ ಸುಮಾರು ಮೂರು ವಾರ ಬೇಕು. ಡಬ್ಬಿ ಮುಟ್ಟಬೇಕು, ತೆಗೆಯಬೇಕು, ನೆಂಟರು ಬರಬೇಕು, ಆಮೇಲೆ ಆರ್ಡರ್. ಮೇಲ್‌ನಲ್ಲಿ ಅದೇ ಸುತ್ತು ಒಂದು ದಿನದಲ್ಲಿ ಮುಗಿಯಬಹುದು. ಹಾಗಾಗಿ ನಮ್ಮ ಅಲೆ ನಿಧಾನವಾಗಿ ಬರುತ್ತದೆ, ಡಬ್ಬಿ ಖಾಲಿಯಾದ ಮೇಲೂ ಬರುತ್ತಲೇ ಇರುತ್ತದೆ. ಎರಡನೇ ವರ್ಷ ಆಗಸ್ಟಿನಲ್ಲಿ ಸರಕು ಮುಗಿದಿತ್ತು, ಸೆಪ್ಟೆಂಬರ್ ಪೂರ್ತಿ ಫೋನ್ ಬಂತು. ಅತ್ತಿಗೆ ಸಂಕೋಚಪಟ್ಟು ಇಬ್ಬರಿಗೆ ಬೇರೆಯವರಿಂದ ತರಿಸಿ ಕಳಿಸಿದರು. ಆ ಮಿಡಿಗೆ ತೊಟ್ಟಿರಲಿಲ್ಲ. ಇಬ್ಬರೂ ಅದನ್ನೇ ಹಿಡಿದು ಕೇಳಿದರು, ಚೀಟಿಯ ಮೇಲೆ ನಾವೇ ಬರೆದಿದ್ದೆವಲ್ಲ. ದುಡ್ಡು ವಾಪಸ್ ಕೊಟ್ಟೆವು. ಅವರನ್ನು ಕಳಿಸಿದ್ದ ಗಿರಾಕಿಗೂ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆವು. ಯಾಕಂದರೆ ಹೋದದ್ದು ಅವರ ಮಾತಿನ ಮರ್ಯಾದೆಯೂ ಹೌದು.

ಈಗ 20 ಡಬ್ಬಿ ಉಳಿದಿರುವಾಗಲೇ ವಾಟ್ಸಾಪ್ ಬಿಸಿನೆಸ್‌ನ ತಾನಾಗಿ ಹೋಗುವ ಉತ್ತರವನ್ನು ಬದಲಿಸುತ್ತೇವೆ: "ಈ ವರ್ಷದ್ದು ಮುಗಿಯುತ್ತಾ ಬಂತು. ಹೆಸರು, ಊರು, ಯಾರು ಹೇಳಿದ್ದು ಅಂತ ಬರೆದು ಕಳಿಸಿ. ಮುಂದಿನ ಏಪ್ರಿಲ್‌ನಲ್ಲಿ ಮಿಡಿ ಇಳಿಸಿದ ದಿನ ನಿಮಗೇ ಮೊದಲು ಫೋನ್ ಮಾಡುತ್ತೇವೆ." ಆ ಹೆಸರುಗಳೆಲ್ಲ ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹೋಗುತ್ತವೆ.